ಮೀಟರ್ ಇಟ್ಟರೆ ಆರುವ ದೀಪ: ವೋಲ್ಟ್‌ಮೀಟರಿನ ರೋಧದಿಂದ ಬರುವ ತಪ್ಪು

ದಾವಣಗೆರೆಯ ಡಿಪ್ಲೊಮಾ ಹುಡುಗರು ಪ್ರಾಜೆಕ್ಟ್ ಅಂದ ಕೂಡಲೇ ಮೊದಲು ಆರಿಸಿಕೊಳ್ಳುವುದು ಕತ್ತಲಾದರೆ ತಾನಾಗಿಯೇ ಹತ್ತುವ ಬೀದಿ ದೀಪ. ಒಂದು ಎಲ್‌ಡಿಆರ್, ಒಂದು LM358, ಒಂದು ಪಾಟ್, ಒಂದು ಎಲ್‌ಇಡಿ, ಅಷ್ಟೇ. ಈ ಸರ್ಕ್ಯೂಟ್ ಸರಿಯಾಗಿದ್ದರೂ ಮೀಟರ್ ಹಿಡಿದು ಪರೀಕ್ಷೆ ಮಾಡಿದಾಗ ಕೆಟ್ಟಂತೆ ಕಾಣುವುದುಂಟು. ವೋಲ್ಟ್‌ಮೀಟರಿನ ಲೋಡಿಂಗ್ ಎರರ್ ಅಂತ ಪುಸ್ತಕದಲ್ಲಿ ಎರಡು ಸಾಲಲ್ಲಿ ಮುಗಿಸುವ ವಿಷಯ ಇಲ್ಲಿ ಕಣ್ಣಿಗೇ ಕಾಣುತ್ತೆ. ಅದಕ್ಕೇ ಈ ಟಿಪ್ಪಣಿಗೆ ಇದನ್ನೇ ತಗೊಂಡಿದ್ದೇನೆ.

ಸರ್ಕ್ಯೂಟ್ ಹೀಗಿದೆ. 12 ವೋಲ್ಟ್ ಸಪ್ಲೈ. ಪ್ಲಸ್‌ನಿಂದ 1 ಮೆಗಾಓಮ್ ರೆಸಿಸ್ಟರ್, ಅದರ ಕೆಳಗೆ ಎಲ್‌ಡಿಆರ್, ಅದರ ಇನ್ನೊಂದು ಕಾಲು ಗ್ರೌಂಡ್‌ಗೆ. ಎರಡೂ ಸೇರುವ ಜಾಗವನ್ನು A ಅಂತ ಕರೆಯೋಣ. A ಬಿಂದು LM358ನ 3ನೇ ಪಿನ್‌ಗೆ, ಅಂದರೆ ಪ್ಲಸ್ ಇನ್‌ಪುಟ್‌ಗೆ ಹೋಗುತ್ತೆ. 2ನೇ ಪಿನ್‌ಗೆ 10 ಕಿಲೋಓಮ್ ಪಾಟ್‌ನಿಂದ 5 ವೋಲ್ಟ್ ಕೊಟ್ಟಿದ್ದೇವೆ. A 5 ವೋಲ್ಟ್ ದಾಟಿದರೆ ಔಟ್‌ಪುಟ್ ಮೇಲೆ ಹೋಗಿ ಎಲ್‌ಇಡಿ ಹತ್ತಬೇಕು. ಬೆಳಕಿದ್ದಾಗ ಎಲ್‌ಡಿಆರ್ ರೋಧ ತುಂಬಾ ಕಡಿಮೆ, ಏಪ್ರಿಲ್ ಬಿಸಿಲಲ್ಲಿ ಕಿಟಕಿ ಪಕ್ಕ ಇಟ್ಟರಂತೂ ಕೆಲವು ನೂರು ಓಮ್‌ಗೆ ಇಳಿಯುತ್ತೆ, ಆಗ A ಹತ್ತಿರ ಹತ್ತಿರ ಸೊನ್ನೆ ವೋಲ್ಟ್. ಕತ್ತಲಲ್ಲಿ ರೋಧ ಏರಿ ಒಂದು ಮೆಗಾಓಮ್ ಆಯಿತು ಅಂದುಕೊಳ್ಳಿ. ಮೇಲೆ 1, ಕೆಳಗೆ 1, ಹಾಗಾಗಿ A ಸರಿಯಾಗಿ 6 ವೋಲ್ಟ್. 5ಕ್ಕಿಂತ ಜಾಸ್ತಿ, ದೀಪ ಹತ್ತುತ್ತೆ.

ಈಗ ಹಳದಿ ಬಣ್ಣದ ಅಗ್ಗದ 830 ಮಾದರಿ ಮೀಟರ್ ತಗೊಂಡು, 20 ವೋಲ್ಟ್ ರೇಂಜಿನಲ್ಲಿ ಕಪ್ಪು ಪ್ರೋಬ್ ಗ್ರೌಂಡ್‌ಗೆ, ಕೆಂಪು ಪ್ರೋಬ್ A ಬಿಂದುವಿಗೆ ಮುಟ್ಟಿಸಿ. ಮುಟ್ಟಿಸಿದ ಕ್ಷಣ ಎಲ್‌ಇಡಿ ಆರುತ್ತೆ. ಮೀಟರ್ 4 ವೋಲ್ಟ್ ಆಸುಪಾಸು ತೋರಿಸುತ್ತೆ. ತೆಗೆದರೆ ದೀಪ ಮತ್ತೆ ಹತ್ತುತ್ತೆ.

"ಅಣ್ಣಾ, ನೋಡ್ರಿ, ಕತ್ತಲಾದ್ರೂ ನಾಲ್ಕೇ ವೋಲ್ಟ್ ಬರ್ತೈತಿ, ಎಲ್‌ಡಿಆರ್ ಹೋಗೈತಿ ಅನ್ಸುತ್ತೆ" ಅನ್ನೋ ಮಾತು ಲ್ಯಾಬ್‌ನಲ್ಲಿ ಹುಟ್ಟುವುದು ಇಲ್ಲೇ. ಅವನ ಲೆಕ್ಕದಲ್ಲಿ ತಪ್ಪೇನೂ ಇಲ್ಲ. 4 ವೋಲ್ಟ್ ಇದೆ, 5 ದಾಟಿಲ್ಲ, ದೀಪ ಆರಿದೆ, ಎಲ್ಲ ಒಂದಕ್ಕೊಂದು ಹೊಂದುತ್ತೆ. ತೊಂದರೆ ಇರುವುದೇ ಅಲ್ಲಿ. ಮೀಟರ್ ಸುಮ್ನೆ ತಪ್ಪು ಅಂಕಿ ತೋರಿಸುತ್ತಿಲ್ಲ. A ಬಿಂದುವಿನಲ್ಲಿ ಆ ಹೊತ್ತಿಗೆ ನಿಜವಾಗಿಯೂ 4 ವೋಲ್ಟ್ ಇದೆ. ಮೀಟರ್ ತಾನೇ ಅದನ್ನು 6ರಿಂದ 4ಕ್ಕೆ ಇಳಿಸಿ, ಇಳಿದದ್ದನ್ನು ಸರಿಯಾಗಿ ಅಳೆದು ಹೇಳುತ್ತಿದೆ. ಮೀಟರಿನ ಕ್ಯಾಲಿಬ್ರೇಶನ್ ಎಷ್ಟೇ ಚೆನ್ನಾಗಿದ್ದರೂ ಈ ತಪ್ಪು ಹೋಗಲ್ಲ.

ಹೇಗೆ ಇಳಿಯಿತು? ವೋಲ್ಟ್‌ಮೀಟರ್ ಒಳಗೂ ಒಂದು ರೋಧ ಇದೆ. ಈ ಮಾದರಿಯ ಮೀಟರಿನಲ್ಲಿ ಅದು 1 ಮೆಗಾಓಮ್. ಪ್ರೋಬ್ ಮುಟ್ಟಿಸಿದರೆ ಎಲ್‌ಡಿಆರ್‌ಗೆ ಪ್ಯಾರಲಲ್ ಆಗಿ ಇನ್ನೊಂದು 1 ಮೆಗಾಓಮ್ ಹಾಕಿದಂತೆಯೇ. 1 ಮತ್ತು 1 ಪ್ಯಾರಲಲ್‌ನಲ್ಲಿ ಅರ್ಧ ಮೆಗಾಓಮ್. ಈಗ ಮೇಲೆ 1, ಕೆಳಗೆ 0.5, ಅಂದರೆ 12ರಲ್ಲಿ ಮೂರನೇ ಒಂದು ಪಾಲು, 4 ವೋಲ್ಟ್. ಇಷ್ಟೇ ಕತೆ.

ಪ್ರತಿ ಸಲ ಪ್ಯಾರಲಲ್ ಲೆಕ್ಕ ಹಾಕುವ ಬದಲು ಥೆವೆನಿನ್ ಬಳಸಿದರೆ ಸುಲಭ. A ಬಿಂದುವಿನಿಂದ ಹಿಂದಕ್ಕೆ ನೋಡಿದರೆ ಸರ್ಕ್ಯೂಟ್ ಪೂರ್ತಿ ಒಂದು 6 ವೋಲ್ಟ್ ಸೋರ್ಸ್, ಅದರ ಜೊತೆ ಸೀರೀಸ್‌ನಲ್ಲಿ 500 ಕಿಲೋಓಮ್. ಈ 500 ಕಿಲೋಓಮ್ ಅನ್ನು Rth ಅನ್ನೋಣ, ಮೀಟರಿನ ರೋಧ Rm.

```
V(ಮೀಟರ್) = V(ನಿಜ) × Rm / (Rm + Rth)
ತಪ್ಪಿನ ಪಾಲು = Rth / (Rm + Rth)
```

ಎರಡನೇ ಸಾಲನ್ನು ಸ್ವಲ್ಪ ಹೊತ್ತು ನೋಡಿ. ಅದರಲ್ಲಿ ಸಪ್ಲೈ ವೋಲ್ಟೇಜ್ ಇಲ್ಲವೇ ಇಲ್ಲ. 12 ಬದಲು 5 ವೋಲ್ಟ್ ಕೊಟ್ಟರೂ ತಪ್ಪಿನ ಶೇಕಡಾ ಅಷ್ಟೇ. Rth ಎಷ್ಟು, Rm ಎಷ್ಟು, ಇವೆರಡರ ನಡುವಿನ ಸಂಬಂಧ ಮಾತ್ರ ಮುಖ್ಯ. ನಮ್ಮ ಕೇಸಿನಲ್ಲಿ 0.5 ಭಾಗಿಸು 1.5, ಅಂದರೆ ಶೇ 33 ಕಡಿಮೆ.

ಅದೇ ಬ್ರೆಡ್‌ಬೋರ್ಡಿನಲ್ಲಿ, ಅದೇ ಮೀಟರಿನ ಕೆಂಪು ಪ್ರೋಬನ್ನು ಈಗ 2ನೇ ಪಿನ್‌ಗೆ ಇಡಿ. ಅಲ್ಲಿ 5 ವೋಲ್ಟ್ ಇರಬೇಕು, ಮೀಟರ್ 4.99 ತೋರಿಸುತ್ತೆ. ಯಾಕೆ ಅಂದರೆ 10 ಕಿಲೋಓಮ್ ಪಾಟ್‌ನ ನಡುಗಾಲಿನಿಂದ ನೋಡಿದ Rth ಸುಮಾರು 2.4 ಕಿಲೋಓಮ್ ಮಾತ್ರ, ಅದರ ಮುಂದೆ 1 ಮೆಗಾಓಮ್ ಬೇಕಾದಷ್ಟು ದೊಡ್ಡದು. "2ನೇ ಪಿನ್‌ನಲ್ಲಿ ಸರಿ ತೋರಿಸ್ತು, ಹಾಗಾದ್ರೆ ಮೀಟರ್ ಸರಿ ಇದೆ, 3ನೇ ಪಿನ್ ಕಡೆನೇ ಏನೋ ಕೆಟ್ಟಿದೆ" ಅನ್ನೋ ತೀರ್ಮಾನ ಎಷ್ಟು ಸಹಜ ಅಲ್ವಾ? ಒಂದು ಮೀಟರ್ ಒಂದು ಕಡೆ ನಂಬಬಹುದಾದದ್ದು, ಎರಡು ಸೆಂಟಿಮೀಟರ್ ಆಚೆ ನಂಬಲಾಗದ್ದು.

ಲೋಡಿಂಗ್ ಆಗುತ್ತಿದೆ ಅಂತ ಹಿಡಿಯುವುದು ಹೇಗೆ? ದೀಪ ಆರುವಂಥ ಸುಳಿವು ಎಲ್ಲ ಸರ್ಕ್ಯೂಟಿನಲ್ಲೂ ಸಿಗಲ್ಲ. ನನಗೆ ಇಷ್ಟವಾದ ಪರೀಕ್ಷೆ ಕೂಡುವ ಪರೀಕ್ಷೆ. ಎಲ್‌ಡಿಆರ್ ರೋಧ ಕೈ ನೆರಳು ಬಿದ್ದರೂ ಓಡಾಡುತ್ತೆ, ಅದಕ್ಕೇ ಅದನ್ನು ತೆಗೆದು ಆ ಜಾಗಕ್ಕೆ 1 ಮೆಗಾಓಮ್ ರೆಸಿಸ್ಟರ್ ಹಾಕಿ. ಮೇಲಿನ ರೆಸಿಸ್ಟರಿನ ಎರಡು ಕಾಲಿನ ನಡುವೆ ಅಳೆಯಿರಿ, 4 ಬರುತ್ತೆ. ಕೆಳಗಿನದಕ್ಕೆ ಅಳೆಯಿರಿ, ಅದೂ 4. ಕೂಡಿದರೆ 8. ಆದರೆ ಸಪ್ಲೈ ಅಳೆದರೆ 12! ಕಿರ್ಚಾಫ್ ನಿಯಮ ಸುಳ್ಳಾಗಲಿಲ್ಲ. ಎರಡು ಸಲ ಅಳೆದದ್ದು ಎರಡು ಬೇರೆ ಬೇರೆ ಸರ್ಕ್ಯೂಟ್. ಮೊದಲ ಸಲ ಮೀಟರ್ ಮೇಲಿತ್ತು, ಎರಡನೇ ಸಲ ಕೆಳಗಿತ್ತು. ಸೀರೀಸ್‌ನಲ್ಲಿರುವ ಭಾಗಗಳ ವೋಲ್ಟೇಜ್ ಕೂಡಿದಾಗ ಒಟ್ಟಿಗಿಂತ ಕಡಿಮೆ ಬಂದರೆ, ಬಾಕಿಯನ್ನು ಮೀಟರ್ ನುಂಗಿದೆ ಅಂತ ತಿಳಿಯಿರಿ.

10 ಮೆಗಾಓಮ್ ಮೀಟರ್ ಇದ್ದರೆ ಅದೇ ಬಿಂದುವಿನಲ್ಲಿ 5.71 ಬರುತ್ತೆ. ದೀಪ ಆರಲ್ಲ, ಯಾಕೆಂದರೆ 5ಕ್ಕಿಂತ ಮೇಲೇ ಇದೆ. ಆದರೂ ಸುಮಾರು ಶೇ 5 ಕಡಿಮೆ, ಮತ್ತು ಶೇ 5 ರೆಸಿಸ್ಟರ್ ಹಾಕಿದ್ದರೆ ಅದರ ಮೇಲೆ ತಪ್ಪು ಹೊರಿಸಿ ಸುಮ್ಮನಾಗಿಬಿಡುವ ಅಪಾಯ ಇದೆ. ಇದು ಇನ್ನೂ ಮೋಸ, ನನ್ನ ಪ್ರಕಾರ. ದೊಡ್ಡ ತಪ್ಪನ್ನು ಎಲ್ಲರೂ ಹುಡುಕುತ್ತಾರೆ, ಚಿಕ್ಕದನ್ನು ಟಾಲರೆನ್ಸ್ ಖಾತೆಗೆ ಹಾಕಿ ರೆಕಾರ್ಡ್ ಬುಕ್ ಮುಚ್ಚುತ್ತಾರೆ.

ಹಳೇ ಮುಳ್ಳಿನ ಮೀಟರಿನ ಕತೆ ಬೇರೆ. ಡಿಜಿಟಲ್ ಮೀಟರಿನಲ್ಲಿ ರೇಂಜ್ ಬದಲಿಸಿದರೂ Rm ಸಾಮಾನ್ಯವಾಗಿ ಹೆಚ್ಚುಕಡಿಮೆ ಅಷ್ಟೇ ಇರುತ್ತೆ, ಮುಳ್ಳಿನದರಲ್ಲಿ ರೇಂಜಿನ ಜೊತೆ ಬದಲಾಗುತ್ತೆ. ಡಯಲ್ ಮೂಲೆಯಲ್ಲಿ ಪ್ರತಿ ವೋಲ್ಟ್‌ಗೆ 20 ಕಿಲೋಓಮ್ ಅಂತ ಬರೆದಿದ್ದರೆ, 10 ವೋಲ್ಟ್ ರೇಂಜಿನಲ್ಲಿ Rm 200 ಕಿಲೋಓಮ್, 50 ವೋಲ್ಟ್ ರೇಂಜಿನಲ್ಲಿ 1 ಮೆಗಾಓಮ್. ನಮ್ಮ A ಬಿಂದುವಿಗೆ 10ರ ರೇಂಜಿನಲ್ಲಿ ಇಟ್ಟರೆ 1.71 ವೋಲ್ಟ್, 50ರಲ್ಲಿ 4. ಒಂದೇ ಜಾಗ, ರೇಂಜ್ ತಿರುಗಿಸಿದರೆ ಎರಡರಷ್ಟಕ್ಕಿಂತ ಜಾಸ್ತಿ ವ್ಯತ್ಯಾಸ. ನೋಡಿದರೆ ಗಾಬರಿ ಆಗುತ್ತೆ, ಆದರೆ ಈ ಎರಡು ಅಂಕಿ ಇದ್ದರೆ ನಿಜವಾದ ವೋಲ್ಟೇಜ್ ತೆಗೆಯಬಹುದು. ಮೊದಲ ಸಲ ಮೀಟರ್ ಎಳೆದ ಕರೆಂಟ್ 1.714 ಭಾಗಿಸು 200 ಕಿಲೋಓಮ್, ಅಂದರೆ 8.57 ಮೈಕ್ರೋಆಂಪಿಯರ್. ಎರಡನೇ ಸಲ 4 ಮೈಕ್ರೋಆಂಪಿಯರ್. ಕರೆಂಟ್ 4.57 ಮೈಕ್ರೋಆಂಪಿಯರ್ ಕಡಿಮೆಯಾದಾಗ ವೋಲ್ಟೇಜ್ 2.286 ಏರಿತು, ಭಾಗಿಸಿದರೆ Rth 500 ಕಿಲೋಓಮ್. 4 ಮೈಕ್ರೋಆಂಪಿಯರ್ ಹರಿದಾಗ ಆ 500 ಕಿಲೋಓಮ್‌ನಲ್ಲಿ ಕಳೆದುಹೋದದ್ದು 2 ವೋಲ್ಟ್. 4ಕ್ಕೆ 2 ಸೇರಿಸಿ, 6. ಇದು ಬರೀ ರೆಸಿಸ್ಟರ್‌ಗಳಿರುವ ಸರ್ಕ್ಯೂಟಿಗೆ ಸರಿ. ಡಯೋಡ್, ಟ್ರಾನ್ಸಿಸ್ಟರ್ ನಡುವೆ ಇದ್ದರೆ Rth ಒಂದೇ ಆಗಿ ನಿಲ್ಲಲ್ಲ, ಲೆಕ್ಕವೂ ನಿಲ್ಲಲ್ಲ.

ಕೈಯಲ್ಲಿರುವ ಮೀಟರಿನ Rm ಗೊತ್ತಿಲ್ಲವಾ? 9 ವೋಲ್ಟ್ ಬ್ಯಾಟರಿಯನ್ನು ಮೊದಲು ನೇರ ಅಳೆಯಿರಿ. ಆಮೇಲೆ ಕೆಂಪು ಪ್ರೋಬಿಗೂ ಬ್ಯಾಟರಿಗೂ ನಡುವೆ 1 ಮೆಗಾಓಮ್ ರೆಸಿಸ್ಟರ್ ಇಟ್ಟು ಅಳೆಯಿರಿ. ರೀಡಿಂಗ್ ಅರ್ಧ ಆದರೆ Rm 1 ಮೆಗಾಓಮ್. ಹನ್ನೊಂದರಲ್ಲಿ ಒಂದು ಪಾಲಷ್ಟೇ ಕಡಿಮೆಯಾದರೆ 10 ಮೆಗಾಓಮ್. ರೆಸಿಸ್ಟರಿನ ಎರಡು ಕಾಲನ್ನೂ ಬೆರಳಲ್ಲಿ ಒತ್ತಿ ಹಿಡಿಯಬೇಡಿ, ಒದ್ದೆ ಕೈಯ ರೋಧವೂ ಪ್ಯಾರಲಲ್ ಆಗಿ ಸೇರಿ ಲೆಕ್ಕ ಕೆಡಿಸುತ್ತೆ. ತಪ್ಪು ಶೇ 1ರೊಳಗೆ ಇರಬೇಕಾದರೆ Rm, Rthನ ಸುಮಾರು ನೂರು ಪಟ್ಟು ಬೇಕು. ಅಂದರೆ 10 ಮೆಗಾಓಮ್ ಮೀಟರ್ 100 ಕಿಲೋಓಮ್ ತನಕ ಸರಿ, ಹಳದಿ ಮೀಟರ್ ಬರೀ 10 ಕಿಲೋಓಮ್ ತನಕ.

ಒಳ್ಳೆ ಮೀಟರ್ ಇಲ್ಲದಿದ್ದರೂ A ಬಿಂದುವನ್ನು ಸರಿಯಾಗಿ ಅಳೆಯಲು ಎರಡು ದಾರಿ ಇವೆ. LM358 ಒಳಗೆ ಎರಡು ಆಪ್‌ಆಂಪ್ ಇವೆ, ನಮ್ಮ ಸರ್ಕ್ಯೂಟಿನಲ್ಲಿ ಎರಡನೆಯದು ಸುಮ್ನೆ ಕೂತಿದೆ. A ಬಿಂದುವನ್ನು 5ನೇ ಪಿನ್‌ಗೂ ಕೊಡಿ, 6 ಮತ್ತು 7ನೇ ಪಿನ್ ಒಟ್ಟಿಗೆ ಸೇರಿಸಿ, ಮೀಟರನ್ನು 7ಕ್ಕೆ ಇಡಿ. ಮೀಟರಿಗೆ ಬೇಕಾದ ಕರೆಂಟ್ ಈಗ ಆಪ್‌ಆಂಪ್ ಕೊಡುತ್ತೆ, A ಅಲುಗಾಡಲ್ಲ. ಆದರೆ ಈ ಐಸಿಯ ಇನ್‌ಪುಟ್‌ನಿಂದಲೂ ಕೆಲವು ಹತ್ತು ನ್ಯಾನೋಆಂಪಿಯರ್ ಹೊರಗೆ ಬರುತ್ತೆ, 500 ಕಿಲೋಓಮ್‌ನಲ್ಲಿ ಅದು ಹತ್ತಿಪ್ಪತ್ತು ಮಿಲಿವೋಲ್ಟ್ ಏರಿಸುತ್ತೆ. ನಮ್ಮ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ.

ಎರಡನೇ ದಾರಿ ಸೆಕೆಂಡ್ ಪಿಯುಸಿ ಲ್ಯಾಬಿನ ಉದ್ದ ತಂತಿಯ ಪೊಟೆನ್ಶಿಯೋಮೀಟರ್ ನೆನಪಿದ್ದವರಿಗೆ ಥಟ್ಟನೆ ಹೊಳೆಯುತ್ತೆ. ಇನ್ನೊಂದು 10 ಕಿಲೋಓಮ್ ಪಾಟನ್ನು ಅದೇ 12 ವೋಲ್ಟ್‌ಗೆ ಹಾಕಿ. ಮೀಟರಿನ ಒಂದು ಪ್ರೋಬ್ A ಬಿಂದುವಿಗೆ, ಇನ್ನೊಂದು ಪ್ರೋಬ್ ಗ್ರೌಂಡ್‌ಗೆ ಬೇಡ, ಈ ಪಾಟ್‌ನ ನಡುಗಾಲಿಗೆ. ಮೊದಲು 20 ವೋಲ್ಟ್ ರೇಂಜ್, ಹತ್ತಿರ ಬಂದಮೇಲೆ 2 ವೋಲ್ಟ್ ರೇಂಜಿಗೆ ಇಳಿಸಿ, ಸೊನ್ನೆ ಬರುವ ತನಕ ಪಾಟ್ ತಿರುಗಿಸಿ. ಸೊನ್ನೆ ಬಂದಾಗ ಎರಡೂ ಕಡೆ ಒಂದೇ ವೋಲ್ಟೇಜ್, ಮೀಟರಿನಲ್ಲಿ ಕರೆಂಟೇ ಇಲ್ಲ, ಕರೆಂಟ್ ಇಲ್ಲದಮೇಲೆ Rm ಎಷ್ಟಿದ್ದರೇನು? ಪಾಟ್ 0.1 ವೋಲ್ಟ್ ಆಚೀಚೆ ಆದರೂ ಮೀಟರ್ 0.067 ತೋರಿಸುತ್ತೆ, ಹಾಗಾಗಿ ಸೊನ್ನೆ ಹುಡುಕುವುದು ಕಷ್ಟವಲ್ಲ. ಈಗ A ಕಡೆಯ ಪ್ರೋಬ್ ತೆಗೆದು, ಪಾಟ್ ಅಲುಗಾಡಿಸದೆ, ಅದರ ನಡುಗಾಲಿನಿಂದ ಗ್ರೌಂಡ್‌ಗೆ ಅಳೆಯಿರಿ. ಅಲ್ಲಿನ Rth 2.5 ಕಿಲೋಓಮ್. ಅದೇ ಹಳದಿ ಮೀಟರ್ ಈಗ 5.98 ಅಥವಾ 5.99 ತೋರಿಸುತ್ತೆ.