ಖಾಲಿ ಬಿಟ್ಟ ಕಾಲಂ ತುಂಬೋ ಮೊದಲು

ಶಿರಸಿ ಕಡೆಯ ಒಂದು ಸೊಸೈಟಿಗೆ ಅಡಿಕೆ ಇಳುವರಿ ಸರ್ವೆಯ ಲೆಕ್ಕ ಮಾಡಿಕೊಟ್ಟಿದ್ದೆ. 200 ಬೆಳೆಗಾರರು, ಒಂದೇ ಮುಖ್ಯ ಪ್ರಶ್ನೆ: ಎಕರೆಗೆ ಎಷ್ಟು ಕ್ವಿಂಟಾಲ್ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಬಂತು? ಸರಾಸರಿ 7.5ಕ್ಕಿಂತ ಕೆಳಗಿದ್ದರೆ ಸಾಲದ ಕಂತು ಮುಂದೂಡುವುದು ಅಂತ ಅವರ ಯೋಚನೆ. ಇಲ್ಲಿ ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ. 60 ಜನರ ಇಳುವರಿ ಕಾಲಂ ಖಾಲಿ ಇತ್ತು. "ಸರಾಸರಿ ಹಾಕಿ ತುಂಬಿಬಿಡಿ ಸಾರ್" ಅಂದರು. ನಾನು ಕೇಳಿದ್ದು, ಯಾಕೆ ಖಾಲಿ?

ಯಾಕೆ ಅನ್ನೋದರ ಮೇಲೇ ಎಲ್ಲ ನಿಂತಿದೆ. ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ 1976ರಲ್ಲಿ ಈ 'ಯಾಕೆ'ಯನ್ನು ಗಣಿತಕ್ಕೆ ತಂದರು, ಇವತ್ತು ನಾವು ಬಳಸುವ ಮೂರು ಹೆಸರು ಆ ದಾರಿಯಲ್ಲೇ ಬಂದವು.

ಮೊದಲನೆಯದು ಎಂಸಿಎಆರ್, ಮಿಸ್ಸಿಂಗ್ ಕಂಪ್ಲೀಟ್ಲಿ ಅಟ್ ರ‍್ಯಾಂಡಮ್. ಎಲ್ಲ ಊರಿನ ಫಾರಂ ಕಲೆಸಿಟ್ಟ ಕಟ್ಟಿನಲ್ಲಿ ಒಂದಷ್ಟು ಮಳೆಗೆ ನೆನೆದು ಹಾಳಾದವು ಅಂದುಕೊಳ್ಳಿ. ಯಾವುದು ನೆನೆಯಿತು ಅನ್ನೋದಕ್ಕೂ ಇಳುವರಿಗೂ ಸಂಬಂಧವಿಲ್ಲ. ಉಳಿದವುಗಳ ಸರಾಸರಿ ಸರಿಯಾಗೇ ಇರುತ್ತದೆ, ಸ್ಯಾಂಪಲ್ ಸಣ್ಣದಾಗುತ್ತದೆ ಅಷ್ಟೇ. ಇಂಥ ಅದೃಷ್ಟ ಕಡಿಮೆ. ನೆನೆದದ್ದು ಘಟ್ಟದಂಚಿನ ಒಂದೇ ಊರಿನ ಕಟ್ಟಾದರೆ ಕಥೆ ಬೇರೆ, ಅಲ್ಲಿ ಮಳೆ ಜಾಸ್ತಿ, ಕೊಳೆ ರೋಗವೂ ಜಾಸ್ತಿ.

ನಮ್ಮ ಸರ್ವೆಯಲ್ಲಿ ಹಾಗೇನೂ ನೆನೆದಿರಲಿಲ್ಲ. ಎಕರೆಗಿಂತ ಕಡಿಮೆ ತೋಟದವರು 100, ಜಾಸ್ತಿ ಇರುವವರು 100. ದೊಡ್ಡವರಲ್ಲಿ 90 ಜನ ಉತ್ತರ ಕೊಟ್ಟರು, ಸರಾಸರಿ 10. ಸಣ್ಣವರಲ್ಲಿ 50 ಜನ ಮಾತ್ರ, ಸರಾಸರಿ 6. ಸಣ್ಣ ಬೆಳೆಗಾರರಲ್ಲಿ ಬಹಳ ಜನ ಫಸಲನ್ನು ಮರದಲ್ಲೇ ಗುತ್ತಿಗೆ ಕೊಟ್ಟಿದ್ದರು, ತೂಕ ಅವರಿಗೇ ಗೊತ್ತಿಲ್ಲ. ಉತ್ತರ ಕೊಟ್ಟ 140 ಜನರ ಸರಾಸರಿ 8.57. ಅದನ್ನೇ ತೆಗೆದು 60 ಖಾಲಿಗೆ ತುಂಬಿದರೂ 8.57ಕ್ಕೇ ನಿಲ್ಲುತ್ತದೆ, ಏನೂ ರಿಪೇರಿ ಆಗಲಿಲ್ಲ.

ಆದರೆ ತೋಟದ ಗಾತ್ರ ಎಲ್ಲರದ್ದೂ ಬರೆದಿದೆ. ಸಣ್ಣವರ ಖಾಲಿಗೆ ಸಣ್ಣವರಿಂದ, ದೊಡ್ಡವರದ್ದಕ್ಕೆ ದೊಡ್ಡವರಿಂದ ತುಂಬಿದರೆ ಸರಾಸರಿ 8. ಒಂದೇ ಗಾತ್ರದ ತೋಟದವರ ನಡುವೆ ಖಾಲಿ ಬಿಡೋದಕ್ಕೂ ಇಳುವರಿಗೂ ಸಂಬಂಧವಿಲ್ಲ ಅಂದರೆ ಅದು ಎಂಎಆರ್, ಮಿಸ್ಸಿಂಗ್ ಅಟ್ ರ‍್ಯಾಂಡಮ್. ಇಂಪ್ಯುಟೇಶನ್, ಅಂದರೆ ಖಾಲಿಯನ್ನು ಅಂದಾಜಿನಿಂದ ತುಂಬುವುದು, ಅದರ ಶಕ್ತಿ ಇರುವುದು ಇಲ್ಲಿಯೇ. ಒಂದು ಎಚ್ಚರಿಕೆ: ಖಾಲಿ ಬಿಟ್ಟ 50 ಸಣ್ಣವರಿಗೂ ಸುಮ್ನೆ 6 ಅಂತ ಬರೆದರೆ ಸರಾಸರಿ ಸರಿಬಂದರೂ ಎಲ್ಲರೂ ಒಂದೇ ಅಚ್ಚಿನವರಂತೆ ಕಾಣುತ್ತಾರೆ, ನಮಗೆ ಇರಬೇಕಾದ ಅನುಮಾನ ಕಡಿಮೆಯಾಗುತ್ತದೆ. ಅದಕ್ಕೇ ಆ ಗುಂಪಿನ ಏರುಪೇರು ಸೇರಿಸಿ, ಬೇರೆಬೇರೆ ಅಂಕಿ ಬರುವಂತೆ ಇಪ್ಪತ್ತು ಸಲ ತುಂಬಿ, ಇಪ್ಪತ್ತು ಲೆಕ್ಕವನ್ನೂ ಒಟ್ಟಿಗೆ ಇಟ್ಟು ಒಂದು ಉತ್ತರ ತೆಗೆಯುತ್ತೇವೆ. ಇದು ಮಲ್ಟಿಪಲ್ ಇಂಪ್ಯುಟೇಶನ್.

ಇಲ್ಲಿಗೆ ಮುಗಿಸಿ 8 ಅಂತ ಬರೆದುಕೊಡಬಹುದಿತ್ತು. ಆದರೆ ಫಾರಂ ತುಂಬಿಸಿದ ಹುಡುಗ ಒಂದು ಮಾತು ಹೇಳಿದ. ಜಗಲಿಯಲ್ಲಿ ಕೂತ ಹಿರಿಯರೊಬ್ಬರು ಎಲೆಗೆ ಸುಣ್ಣ ಹಚ್ಚುತ್ತ "ಕೊಳೆ ಬಂದ ವರ್ಷದ ಲೆಕ್ಕ ಎಂತಕ್ಕೆ ತಮಾ, ಬಿಟ್ಟುಬಿಡು" ಅಂದರಂತೆ. ಅಂದರೆ ಕೆಲವರು ಖಾಲಿ ಬಿಟ್ಟದ್ದು ತೂಕ ಗೊತ್ತಿಲ್ಲದೆ ಅಲ್ಲ, ಇಳುವರಿ ಕಡಿಮೆ ಬಂದದ್ದಕ್ಕೇ. ಯಾವ ಅಂಕಿ ಕಾಣುತ್ತಿಲ್ಲವೋ ಅದೇ ಅಂಕಿ ಕಾಣದಿರುವುದಕ್ಕೆ ಕಾರಣ. ಇದು ಎಂಎನ್ಎಆರ್, ಮಿಸ್ಸಿಂಗ್ ನಾಟ್ ಅಟ್ ರ‍್ಯಾಂಡಮ್.

ಇಲ್ಲಿ ಎಷ್ಟು ಚಂದದ ಸಾಫ್ಟ್‌ವೇರ್ ಇದ್ದರೂ ಅದು ಉತ್ತರ ಕೊಟ್ಟ 50 ಜನರನ್ನು ನೋಡಿಯೇ ಉಳಿದ 50 ಜನರನ್ನು ಊಹಿಸುತ್ತದೆ. ಮತ್ತೆ 6ರ ಸುತ್ತಲೇ ಬರುತ್ತದೆ. ಖಾಲಿ ಬಿಟ್ಟದ್ದು ಎಂಸಿಎಆರ್ ಹೌದೋ ಅಂತ ಪರೀಕ್ಷಿಸುವ ಲಿಟಲ್ ಟೆಸ್ಟ್ ಮಾಡಿ ಅಂತ ಕೆಲವರು ಹೇಳುತ್ತಾರೆ. ಅದು 'ಇದು ಎಂಸಿಎಆರ್ ಅಲ್ಲ' ಅಂತ ಹೇಳಬಹುದು, ಎಂಎಆರೋ ಎಂಎನ್ಎಆರೋ ಅಂತ ಹೇಳಲಾರದು. ಕೈಯಲ್ಲಿರೋ ಡೇಟಾ ಎರಡಕ್ಕೂ ಒಂದೇ ಥರ ಹೊಂದಿಕೊಳ್ಳುತ್ತದಲ್ವಾ!

ಹಾಗಾಗಿ ನಾನು ಪ್ರಶ್ನೆ ತಿರುಗಿಸಿದೆ. ಖಾಲಿ ಬಿಟ್ಟ ಸಣ್ಣ ಬೆಳೆಗಾರರಿಗೆ ನಿಜವಾಗಿ 1 ಕ್ವಿಂಟಾಲ್ ಕಡಿಮೆ ಬಂದಿದ್ದರೆ? 50 ಜನಕ್ಕೆ ಒಟ್ಟು 50 ಕಡಿಮೆ, 200ರಿಂದ ಭಾಗಿಸಿದರೆ ಸರಾಸರಿ 0.25 ಇಳಿದು 7.75. 2 ಕಡಿಮೆಯಾದರೆ 7.5, ಸೊಸೈಟಿಯ ಗೆರೆಯ ಮೇಲೇ. ಅದಕ್ಕಿಂತ ಸ್ವಲ್ಪ ಜಾಸ್ತಿಯಾದರೂ ನಿರ್ಧಾರ ಉಲ್ಟಾ. ಈಗ ಸೊಸೈಟಿಯವರಿಗೆ ಕೇಳಬಹುದಾದ ಪ್ರಶ್ನೆ ಸಿಕ್ಕಿತು: ಕೊಳೆ ಹಿಡಿದ ತೋಟದಲ್ಲಿ ಎಕರೆಗೆ 2 ಕ್ವಿಂಟಾಲ್ ಹೋಗುವುದು ಸಾಧ್ಯವಾ? "ಕೊಳೆಗೆ ಬೋರ್ಡೋ ದ್ರಾವಣ ಹೊಡೆಯೋಕೆ ಮಳೆ ಬಿಡದಿದ್ದರೆ ಅದೇನು ಮಹಾ" ಅಂದರು ಸೆಕ್ರೆಟರಿ.

ಖಾಲಿ ಬಿಟ್ಟ ಆ 50ರಲ್ಲಿ ಹತ್ತು ಜನರನ್ನು ಚೀಟಿ ಎತ್ತಿ ಆರಿಸಿ ಫೋನ್ ಮಾಡಿಸಿದೆವು. ಏಳು ಜನ ಅಂದಾಜು ಹೇಳಿದರು, ಸರಾಸರಿ 4.5. ಅಂದರೆ 1.5 ಕಡಿಮೆ, ಒಟ್ಟು ಸರಾಸರಿ 7.6ರ ಹತ್ತಿರ. ವರದಿಯಲ್ಲಿ 8 ಅಂತ ಒಂದೇ ಅಂಕಿ ಕೊಡದೆ, ಯಾವ ಊಹೆಗೆ ಯಾವ ಸರಾಸರಿ ಅಂತ ಪೂರ್ತಿ ಸಾಲು ಬರೆದುಕೊಟ್ಟೆ. ಉಳಿದ ಮೂವರು ಫೋನ್ ಎತ್ತಲಿಲ್ಲ, ಅದನ್ನೂ ಬರೆದೆ.