ಸುಟ್ಟ ಟಿಸಿ: ಕಾಯಿಲ್ ಸುತ್ತಿಸುವುದೋ, ಹೊಸದು ತರುವುದೋ?

ತೀರ್ಥಹಳ್ಳಿ ಕಡೆ ಮೊದಲ ಗುಡುಗು ಬಂದ ರಾತ್ರಿ ಒಂದು ಟಿಸಿ, ಅಂದರೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್, ಸತ್ತಿತು. ಸಾಮರ್ಥ್ಯ 63 ಕೆವಿಎ, ಫಲಕದ ಮೇಲೆ ತಯಾರಾದ ವರ್ಷ 1994. ಲೈನ್‌ಮ್ಯಾನ್ ಬಂದು ನೋಡಿ, "ಹೋಯ್ತು, ಇಳಿಸ್ಬೇಕು" ಅಂದರು. ಅದರ ಜಾಗಕ್ಕೆ ಬದಲಿ ಟಿಸಿ ಬಂತು. ಕಂಬದ ಕೆಳಗಿದ್ದವರಿಗೆ ಕತೆ ಅಲ್ಲಿಗೆ ಮುಗಿಯಿತು. ಇಳಿಸಿದ ಟಿಸಿಯದ್ದು ಮಾತ್ರ ಶಿವಮೊಗ್ಗದ ದುರಸ್ತಿ ಶೆಡ್ಡಿನಲ್ಲಿ ಶುರುವಾಯಿತು.

ಅಲ್ಲಿ ಮುಚ್ಚಳ ತೆಗೆದಾಗ ನಾನೂ ಇದ್ದೆ. ಎಣ್ಣೆ ಕಪ್ಪಗಾಗಿತ್ತು, ಸುಟ್ಟ ಕಾಗದದ ವಾಸನೆ. ತೆಳು ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಕೋರ್, ಅದರ ಕಾಲುಗಳಿಗೆ ಸುತ್ತಿದ ತಂತಿಯೇ ಕಾಯಿಲ್. ನಡುವಿನ ಕಾಲಿನ ಹೈವೋಲ್ಟೇಜ್ ಕಾಯಿಲ್ ಮೇಲ್ತುದಿಯಲ್ಲಿ ಮಾತ್ರ ಸಿಡಿದಿತ್ತು. ಸಿಡಿಲಿನ ಹೊಡೆತ ಲೈನ್ ಬಂದು ಸೇರುವ ತುದಿಯಲ್ಲೇ ಜಾಸ್ತಿ ಬೀಳುತ್ತದೆ. ಲೋಡ್ ಹೆಚ್ಚಾಗಿ ಸತ್ತಿದ್ದರೆ ಕಾಯಿಲಿನ ಕಾಗದವೆಲ್ಲ ಕಂದಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಬೇಸಿಗೆಯಲ್ಲಿ ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡುವ ಕಡೆ ಆ ನೋಟವೇ ಸಾಮಾನ್ಯ. ಅಲ್ಲಿ ಅದೇ ಅಳತೆಯದ್ದನ್ನು ಹೊಸದಾಗಿ ತಂದಿಟ್ಟರೂ ಮತ್ತೆ ಸುಡುತ್ತದೆ.

"ಬರೀ ಕಾಯಿಲ್ ಹೋಗಿದೆ, ಸುತ್ತಿದ್ರೆ ಆಯ್ತು" ಅಂದರು ಮೇಸ್ತ್ರಿ. ಈ ಮಾತಿನ ಹಿಂದೆ ಹಳೇ ರೂಢಿ ಇದೆ. 1957ರಲ್ಲಿ ವಿದ್ಯುತ್ ಮಂಡಳಿ ಹುಟ್ಟಿತು. ನಮ್ಮ ಹಿರಿಯರು ಈಗಲೂ ಕೆಇಬಿ ಅಂತಲೇ ಕರೆಯುವುದು. ಆ ಕಾಲದಲ್ಲಿ ಹೊಸ ಟಿಸಿ ಸುಲಭವಾಗಿ ಸಿಗುವ ವಸ್ತು ಆಗಿರಲಿಲ್ಲ. ಕೆಟ್ಟಿದ್ದನ್ನು ಸುತ್ತಿಸುವುದೇ ಬುದ್ಧಿವಂತಿಕೆ. ಹೊಸದಕ್ಕೂ ಹಳೆಯದಕ್ಕೂ ಕರೆಂಟ್ ತಿನ್ನುವುದರಲ್ಲಿ ದೊಡ್ಡ ವ್ಯತ್ಯಾಸವೂ ಇರಲಿಲ್ಲ. 1989ರ ಭಾರತೀಯ ಮಾನಕದಲ್ಲಿ 63 ಕೆವಿಎಗೆ ಒಪ್ಪಿದ್ದ ನಷ್ಟ ಹೀಗಿತ್ತು: ಲೋಡ್ ಇರಲಿ ಬಿಡಲಿ ಕೋರ್ ತಿನ್ನುವುದು 180 ವ್ಯಾಟ್, ಪೂರ್ತಿ ಲೋಡಿನಲ್ಲಿ ಕಾಯಿಲ್ ತಿನ್ನುವುದು 1,235 ವ್ಯಾಟ್.

2014ರ ಮಾನಕ ಲೆಕ್ಕವನ್ನೇ ಬದಲಿಸಿತು. ಅದರ ಪ್ರಕಾರ ದಕ್ಷತೆಯ ಎರಡನೇ ಹಂತದ 63 ಕೆವಿಎ ಟಿಸಿಯ ನಷ್ಟ ಅರ್ಧ ಲೋಡಿನಲ್ಲಿ ಒಟ್ಟು 340, ಪೂರ್ತಿ ಲೋಡಿನಲ್ಲಿ 1,140 ವ್ಯಾಟ್ ದಾಟುವಂತಿಲ್ಲ. ಈ ಎರಡು ಅಂಕಿಗಳಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಕೋರಿನ ಪಾಲು ಸುಮಾರು 73 ವ್ಯಾಟ್. ಹಳೆಯದರ ಅರ್ಧಕ್ಕಿಂತ ಕಡಿಮೆ.

ಮಲೆನಾಡಿನಲ್ಲಿ ಈ ಕೋರಿನ ನಷ್ಟವೇ ಮುಖ್ಯ. ಮನೆಗಳು ದೂರ ದೂರ. ಮಳೆಗಾಲದಲ್ಲಿ ಪಂಪು ಮಲಗಿರುತ್ತದೆ. ಊರೆಲ್ಲ ನಿದ್ದೆ ಮಾಡುವಾಗಲೂ ಕೋರ್ ತಿನ್ನುತ್ತಲೇ ಇರುತ್ತದೆ, ವರ್ಷಕ್ಕೆ 8,760 ಗಂಟೆ. ಹೊಸ ಕಾಯಿಲ್ ಸುತ್ತಿದರೆ ಅದು ಕಡಿಮೆಯಾಗುವುದಿಲ್ಲ. ಬದಲಿಗೆ ಹೆಚ್ಚಾಗಬಹುದು. ಕಾಯಿಲ್ ಹೊರತೆಗೆಯಲು ಕೋರಿನ ಮೇಲಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಬೇಕು. ಮತ್ತೆ ಜೋಡಿಸುವಾಗ ಸುತ್ತಿಗೆ ಪೆಟ್ಟು ಬಿದ್ದರೆ, ಪಟ್ಟಿ ಬಾಗಿದರೆ, ಸಂದು ಉಳಿದರೆ ನಷ್ಟ ಏರುತ್ತದೆ.

ನಮ್ಮ ಟಿಸಿಯ ಲೆಕ್ಕ ನೋಡೋಣ. ಸುತ್ತಿಸಲು 40,000 ರೂಪಾಯಿ, ಹೊಸದಕ್ಕೆ ಗುಜರಿ ಬೆಲೆ ಕಳೆದು ಒಂದು ಲಕ್ಷ, ಯೂನಿಟ್ಟಿಗೆ 6 ರೂಪಾಯಿ ಅಂದುಕೊಳ್ಳಿ. ಸುತ್ತಿದ ಮೇಲೆ ಕೋರ್ 220 ವ್ಯಾಟ್ ತಿಂದರೆ ಹೊಸದಕ್ಕಿಂತ 147 ವ್ಯಾಟ್ ಜಾಸ್ತಿ. ವರ್ಷಕ್ಕೆ ಸುಮಾರು 1,290 ಯೂನಿಟ್. ಕಾಯಿಲಿನ ವ್ಯತ್ಯಾಸ 200 ಯೂನಿಟ್ ಸೇರಿಸಿದರೆ 9,000 ರೂಪಾಯಿ ಹತ್ತಿರ. ಬಡ್ಡಿ ಬಿಟ್ಟರೆ ಹೆಚ್ಚುವರಿ 60,000 ಏಳು ವರ್ಷದೊಳಗೆ ವಾಪಸ್. ಮೂವತ್ತು ವರ್ಷ ಮೀರಿದ ಟಿಸಿ ಅಷ್ಟರಲ್ಲಿ ಮತ್ತೊಮ್ಮೆ ಶೆಡ್ಡಿಗೆ ಬರುವುದಿಲ್ಲ ಎಂದು ಯಾರೂ ಬರೆದುಕೊಡುವುದಿಲ್ಲ.

ಇದೇ ಸಿಡಿಲು 2017ರ ಟಿಸಿಗೆ ಹೊಡೆದಿದ್ದರೆ? ಸುತ್ತುವಾಗ ಕೋರ್ 73ರಿಂದ 90 ವ್ಯಾಟಿಗೆ ಏರಿತು ಅನ್ನಿ. ವರ್ಷಕ್ಕೆ 150 ಯೂನಿಟ್, 900 ರೂಪಾಯಿ. ಅದಕ್ಕಾಗಿ 60,000 ಹೆಚ್ಚು ಕೊಡುವುದು ಹುಚ್ಚುತನ. ಸುತ್ತಿಸಿ ಹಾಕಿ.

ಆದರೆ ಪಟ್ಟಿಗಳ ಅಂಚು ಕರಗಿ ಅಂಟಿಕೊಂಡಿದ್ದರೆ, ನೀಲಿ ಕಪ್ಪು ಮಚ್ಚೆ ಬಿದ್ದಿದ್ದರೆ, ವಯಸ್ಸು ಎಷ್ಟಿದ್ದರೂ ಅನುಮಾನಿಸಬೇಕು. ಸುತ್ತಿದ ಮೇಲೆ ಪರೀಕ್ಷೆ ಸುಲಭ. ಲೋವೋಲ್ಟೇಜ್ ಕಡೆಗೆ 433 ವೋಲ್ಟ್ ಕೊಟ್ಟು, ಇನ್ನೊಂದು ಕಡೆ ತೆರೆದಿಟ್ಟು, ವ್ಯಾಟ್ ಮೀಟರ್ ಓದಿದರೆ ಕೋರಿನ ನಷ್ಟ ಸಿಗುತ್ತದೆ. ಕಾಯಿಲಿನದ್ದನ್ನೂ ಬೇರೆಯಾಗಿ ಅಳೆಯಬೇಕು. ತಂತಿ ಸ್ವಲ್ಪ ಸಣ್ಣದು ಹಾಕಿದ್ದರೂ ಅಲ್ಲಿ ಸಿಕ್ಕಿಬೀಳುತ್ತದೆ. ಬರೀ "ವೋಲ್ಟೇಜ್ ಬರ್ತಿದೆ" ಎಂದು ವಾಪಸ್ ಕಳಿಸಿದರೆ ಏನೂ ಗೊತ್ತಾಗುವುದಿಲ್ಲ.

ಇಷ್ಟಾದರೂ ಹಳೆಯದ್ದನ್ನು ಸುತ್ತಿಸುವ ರೂಢಿ ಸುಲಭಕ್ಕೆ ಹೋಗದು. ನನಗನ್ನಿಸುವುದು, ಇದರ ಕಾರಣ ಕೋರಿನಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ರಿವೈಂಡಿಂಗ್ ಬಿಲ್ ದುರಸ್ತಿ ಖರ್ಚಿಗೆ ಹೋಗುತ್ತದೆ, ಹೊಸ ಟಿಸಿ ಬಂಡವಾಳಕ್ಕೆ. ರಾತ್ರಿಯಿಡೀ ಕೋರ್ ತಿಂದ ಯೂನಿಟ್ಟು ಇಡೀ ಫೀಡರಿನ ನಷ್ಟದೊಳಗೆ ಕರಗಿಹೋಗುತ್ತದೆ. ಅದಕ್ಕೆ ಯಾರ ಹೆಸರಿನಲ್ಲೂ ಬಿಲ್ ಬರುವುದಿಲ್ಲ. ಆವತ್ತು ಶೆಡ್ಡಿನಲ್ಲಿ ನಾನು ಈ 9,000ದ ಲೆಕ್ಕ ಹೇಳಿದಾಗ ಮೇಸ್ತ್ರಿ ನಕ್ಕರು. "ಸರಿ ಸಾರ್, ಆದ್ರೆ ನಂಗೆ ಬಂದಿರೋ ಚೀಟಿಲಿ ಸುತ್ತು ಅಂತಲೇ ಇದೆ" ಎಂದು ತಂತಿಯ ಉರುಳೆ ಎಳೆದುಕೊಂಡರು.