ತಂತಿ ಹರಿದದ್ದು ಗಾಳಿಗೆ, ಸರಿ; ನೆಲಕ್ಕೆ ಬಿದ್ದ ಮೇಲೂ ಕರೆಂಟ್ ಯಾಕಿತ್ತು?

ಮೇ ತಿಂಗಳು, ರಾತ್ರಿಯಿಡೀ ಗಾಳಿಮಳೆ. ಬೆಳಗಿನ ಆರಕ್ಕೆ ಹಸು ಹೊಡೆದುಕೊಂಡು ತೋಟಕ್ಕೆ ಹೊರಟಿದ್ದ 38 ವರ್ಷದ ಹೆಣ್ಣುಮಗಳು. ತೆಂಗಿನ ಗರಿ ಬಿದ್ದು ಹರಿದ ಎಲ್‌ಟಿ ತಂತಿ ಬಂಡಿದಾರಿಗೆ ಅಡ್ಡವಾಗಿ ಹುಲ್ಲಿನಲ್ಲಿ ಬಿದ್ದಿತ್ತು. ಮುಂದಿದ್ದ ಹಸು ಕುಸಿಯಿತು. ಏನಾಯಿತೆಂದು ಹತ್ತಿರ ಹೋದ ಆಕೆಯೂ ಅಲ್ಲೇ ಉಳಿದಳು. ಗಂಡ ಮತ್ತು ಇಬ್ಬರು ಮಕ್ಕಳ ಪರವಾಗಿ ನಾನು ದಾವೆ ಹೂಡಿದಾಗ ವಿದ್ಯುತ್ ಕಂಪನಿಯ ಆಕ್ಷೇಪಣೆಯಲ್ಲಿ ಮೂರು ಮಾತಿದ್ದವು. ಗಾಳಿಮಳೆ ದೈವಕೃತ್ಯ, ಗರಿ ಬಿದ್ದದ್ದು ಪಕ್ಕದ ತೋಟದವನ ಮರದಿಂದ, ಆಕೆ ನೋಡಿಕೊಂಡು ನಡೆಯಬೇಕಿತ್ತು.

ಇಂಥ ಆಕ್ಷೇಪಣೆ ಓದಿದ ಕೂಡಲೇ ತಂತಿ ಯಾಕೆ ಹರಿಯಿತು ಎನ್ನುವ ಚರ್ಚೆಗೆ ಕಿರಿಯ ವಕೀಲರು ಇಳಿದುಬಿಡುತ್ತಾರೆ. ಮರ ಯಾರದು, ಕೊಂಬೆ ಸವರುವ ಕೆಲಸ ಯಾರದು, ಗಾಳಿಯ ವೇಗ ಎಷ್ಟು ಎಂದು ಸಾಕ್ಷಿ ಬೆಳೆಯುತ್ತದೆ, ವರ್ಷ ಕಳೆಯುತ್ತದೆ. ಕಾನೂನು ಕೇಳುವ ಪ್ರಶ್ನೆ ಬೇರೆ: ಹರಿದು ನೆಲಕ್ಕೆ ಬಿದ್ದ ತಂತಿಯಲ್ಲಿ ಕರೆಂಟ್ ಯಾಕೆ ಉಳಿದಿತ್ತು?

ಇದನ್ನು ಸ್ಪಷ್ಟಪಡಿಸಿದ್ದು 2002ರ ಸುಪ್ರೀಂ ಕೋರ್ಟ್ ತೀರ್ಪು, ಮಧ್ಯಪ್ರದೇಶ ವಿದ್ಯುತ್ ಮಂಡಳಿಯ ಪ್ರಕರಣ. 1997ರ ಆಗಸ್ಟಿನ ಒಂದು ಮಳೆಯ ರಾತ್ರಿ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೊರಟಿದ್ದವನು, ರಸ್ತೆಯ ಮೇಲೆ ನಿಂತ ನೀರಿನಲ್ಲಿ ಬಿದ್ದಿದ್ದ ತಂತಿ ತಗುಲಿ ಸತ್ತ. ಯಾರೋ ಕದ್ದು ಕರೆಂಟ್ ಎಳೆದುಕೊಂಡಿದ್ದ, ಆ ತಂತಿ ಕಳಚಿ ಬಿತ್ತು, ಅದರಲ್ಲಿ ನಮ್ಮ ತಪ್ಪಿಲ್ಲ ಎಂದಿತು ಮಂಡಳಿ. ಕೋರ್ಟು ಒಪ್ಪಲಿಲ್ಲ. ಅಪಾಯಕಾರಿ ವಸ್ತುವನ್ನು ಸಾಗಿಸುವವನು ನಿರ್ಲಕ್ಷ್ಯ ಇರಲಿ ಬಿಡಲಿ ಅದರ ಹಾನಿಗೆ ಹೊಣೆ, ಹರಿದ ತಂತಿ ರಸ್ತೆಯ ಮೇಲೆ ಜೀವಂತವಾಗಿ ಉಳಿಯದಂತೆ ನೋಡಿಕೊಳ್ಳುವ ಹೆಚ್ಚುವರಿ ಕರ್ತವ್ಯ ಸರಬರಾಜುದಾರನದು ಎಂದಿತು. ಇದಕ್ಕೆ ಕಟ್ಟುನಿಟ್ಟಿನ ಹೊಣೆ ಎನ್ನುತ್ತೇವೆ. ತಂತಿ ಕಂಪನಿಯದು, ಅದರಲ್ಲಿ ಕರೆಂಟ್ ಇತ್ತು, ಸಾವು ಅದರಿಂದಾಯಿತು: ಸಂತ್ರಸ್ತರು ಈ ಮೂರನ್ನು ತೋರಿಸಿದರೆ ಸಾಕು.

ಆದರೂ ಕಂಪನಿಯ ಇಂಜಿನಿಯರು, ಎಇಇ ಸಾಹೇಬರು, ಸಾಕ್ಷಿಕಟ್ಟೆಗೆ ಬಂದಾಗ ನಾನು ಸುಮ್ಮನೆ ಬಿಡುವುದಿಲ್ಲ. 'ತಂತಿ ನೆಲಕ್ಕೆ ಬಿದ್ದರೆ ಟಿಸಿಯ ಫ್ಯೂಸ್ ಹೋಗಬೇಕಲ್ಲ ಸಾರ್, ಯಾಕೆ ಹೋಗಲಿಲ್ಲ?' ಉತ್ತರ ನನಗೆ ಗೊತ್ತು. ಆ ಊರಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, 63 ಕೆವಿಎ. ಒಂದೊಂದು ಫೇಸಿನಲ್ಲಿ 87 ಆಂಪಿಯರ್ ಹರಿಯುವುದು ಅದಕ್ಕೆ ಮಾಮೂಲು, ಫ್ಯೂಸ್ ಹಾಕುವುದೂ ಆ ಲೆಕ್ಕಕ್ಕೇ. ತಂತಿ ನೆಲಕ್ಕೆ ತಾಗಿದಾಗ ಮಣ್ಣಿನ ತಡೆ ಕರೆಂಟನ್ನು ಹಿಡಿದು ನಿಲ್ಲಿಸುತ್ತದೆ. ಮಳೆಯಲ್ಲಿ ನೆನೆದ ನೆಲ, 20 ಓಮ್ ಎಂದಿಟ್ಟುಕೊಂಡರೂ 240 ವೋಲ್ಟಿಗೆ ಹರಿಯುವುದು 12 ಆಂಪಿಯರ್. ಏಳೂವರೆ ಎಚ್‌ಪಿ ಪಂಪ್‌ಸೆಟ್ ಒಂದು ಫೇಸಿನಲ್ಲಿ ಎಳೆಯುವುದೂ ಹೆಚ್ಚುಕಮ್ಮಿ ಅಷ್ಟೇ. ಫ್ಯೂಸಿಗೆ ಇನ್ನೊಂದು ಮೋಟಾರು ಆನ್ ಆದಂತೆ ಕಾಣುತ್ತದೆ, ಅಷ್ಟೆ. ಮನುಷ್ಯನ ಎದೆಯ ಮೂಲಕ ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಹಾದುಹೋದರೆ ಸಾಕು, ಕೆಲಸ ಮುಗಿಯಿತು.

ಅಂದರೆ ಫ್ಯೂಸ್ ಮಾತ್ರ ನಂಬಿ ಕೂರುವಂತಿಲ್ಲ ಎನ್ನುವುದು ಇಂಜಿನಿಯರುಗಳಿಗೆ ಮೊದಲಿನಿಂದ ಗೊತ್ತಿದ್ದ ವಿಷಯ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 91ನೇ ನಿಯಮ, ರಸ್ತೆ ಅಥವಾ ಸಾರ್ವಜನಿಕ ಜಾಗದ ಮೇಲೆ ಹಾದುಹೋಗುವ ಬರಿ ತಂತಿ ಹರಿದರೆ ಅಪಾಯ ಮಾಡದಂತೆ ರಕ್ಷಣಾ ಸಾಧನ ಇರಬೇಕು ಎಂದಿತ್ತು. ಆ ಕರ್ತವ್ಯ ಮುಂದೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಗೂ ಬಂತು. ರಸ್ತೆ ದಾಟುವ ಕಡೆ ತಂತಿಗಳ ಕೆಳಗೆ ತೊಟ್ಟಿಲಿನಂತೆ ಕಟ್ಟಿ ನೆಲಕ್ಕೆ ಅರ್ಥ್ ಮಾಡುವ ಗಾರ್ಡ್ ವೈರ್ ಇದರದ್ದೇ ಒಂದು ಉಪಾಯ. ಹರಿದ ತಂತಿ ಅದರ ಮೇಲೆ ಬಿದ್ದರೆ ಭಾರಿ ಕರೆಂಟ್ ಹರಿದು ಫ್ಯೂಸ್ ಸುಡುತ್ತದೆ. ನಮ್ಮ ಬಂಡಿದಾರಿಯ ಮೇಲೆ ಗಾರ್ಡ್ ಇರಲಿಲ್ಲ. ಇದ್ದಿದ್ದರೆ ಗಾಳಿ, ಗರಿ ಎರಡೂ ಬಂದು ಹೋಗುತ್ತಿದ್ದವು, ಅವಳು ಮನೆಗೆ ಬರುತ್ತಿದ್ದಳು.

ಹಸುವಿನ ವಿಷಯದಲ್ಲಿ ಇನ್ನೊಂದು ಗೊಂದಲ ಬರುತ್ತದೆ. ಪಶುವೈದ್ಯರ ವರದಿಯಲ್ಲಿ ಮೈಮೇಲೆ ಸುಟ್ಟ ಗಾಯ ಕಾಣಲಿಲ್ಲ. ಹಾಗಾದರೆ ಕರೆಂಟ್ ಹೊಡೆದದ್ದೇ ಅಲ್ಲ ಎಂದು ಕಂಪನಿ ವಾದಿಸಿತು. ತಂತಿ ಬಿದ್ದ ಜಾಗದ ಸುತ್ತ ನೆಲದ ವೋಲ್ಟೇಜು ದೂರ ಹೋದಂತೆ ಇಳಿಯುತ್ತದೆ. ಮುಂಗಾಲು ಒಂದು ಕಡೆ, ಹಿಂಗಾಲು ಅದರಿಂದ ನಾಲ್ಕೈದು ಅಡಿ ಆಚೆ. ಆ ಎರಡು ಬಿಂದುಗಳ ನಡುವಿನ ವ್ಯತ್ಯಾಸವೇ ಕರೆಂಟನ್ನು ಕಾಲಿನಿಂದ ಕಾಲಿಗೆ, ಎದೆಯ ಮೂಲಕವೇ ಹರಿಸುತ್ತದೆ. ತಂತಿಯನ್ನು ಮುಟ್ಟದೆಯೂ ಹಸು ಸಾಯುತ್ತದೆ, ಸುಟ್ಟ ಗುರುತೂ ಇರಬೇಕಾಗಿಲ್ಲ. ಇದನ್ನು ಸಾಬೀತು ಮಾಡುವುದು ಮಹಜರು: ತಂತಿ ಎಲ್ಲಿತ್ತು, ಹಸು ಎಷ್ಟು ಅಡಿ ದೂರ ಬಿದ್ದಿತ್ತು, ನೆಲ ಒದ್ದೆಯಿತ್ತೇ. ಮಧ್ಯಾಹ್ನದೊಳಗೆ ಲೈನ್‌ಮನ್‌ಗಳು ಬಂದು ತಂತಿ ಕಟ್ಟಿಹೋಗುತ್ತಾರೆ, ಆದ್ದರಿಂದ ಸುರಕ್ಷಿತ ದೂರದಿಂದ ಮೊಬೈಲಿನಲ್ಲಿ ತೆಗೆದ ನಾಲ್ಕು ಫೋಟೋ ಆಮೇಲೆ ಬರುವ ನಲವತ್ತು ಪುಟದ ಸಾಕ್ಷ್ಯಕ್ಕಿಂತ ಮೇಲು. ಮನುಷ್ಯರೇ ಆಗಲಿ, ಪ್ರಾಣಿಯೇ ಆಗಲಿ, ಸಾವಾದರೆ 24 ಗಂಟೆಯೊಳಗೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸುವ ಹೊಣೆ ಕಂಪನಿಯದು. ಅವರ ತನಿಖಾ ವರದಿಯ ಪ್ರತಿ ಕೇಳಿ ಪಡೆಯಿರಿ. ನಮ್ಮ ಪ್ರಕರಣದಲ್ಲಿ ಗಾರ್ಡ್ ಇರಲಿಲ್ಲ ಎನ್ನುವ ಸಾಲು ಸಿಕ್ಕಿದ್ದು ಅಲ್ಲೇ. ಹಸುವಿನ ಬೆಲೆಗೆ ಕಿವಿಯ ಟ್ಯಾಗು ಮತ್ತು ಹಾಲಿನ ಡೈರಿಯ ಪಾಸ್‌ಬುಕ್ ಸಾಕ್ಷಿಯಾದವು.

ಇನ್ನು ದುಡ್ಡಿನ ಲೆಕ್ಕ. ತಿಂಗಳೊಳಗೆ ಕಂಪನಿಯವರು 5 ಲಕ್ಷದ ಚೆಕ್ ಹಿಡಿದುಕೊಂಡು ಬಂದಿದ್ದರು, ಜೊತೆಗೆ ಸಹಿಗೆ ಒಂದು ಕಾಗದ. ಚೆಕ್ ತೆಗೆದುಕೊಳ್ಳಿ, ಆದರೆ 'ಸಂಪೂರ್ಣ ಹಾಗೂ ಅಂತಿಮ' ಎನ್ನುವ ಮಾತಿದ್ದರೆ ಹೊಡೆದುಹಾಕಿಸಿ ಎಂದೆ. ಇಂಥ ಸಾವುಗಳಲ್ಲಿ ಕೋರ್ಟುಗಳು ಸಾಮಾನ್ಯವಾಗಿ ವಾಹನ ಅಪಘಾತದ ಅಳತೆಗೋಲನ್ನೇ ಹಿಡಿಯುತ್ತವೆ. ಕೂಲಿ ಮತ್ತು ಹಾಲಿನಿಂದ ಆಕೆಯ ಆದಾಯ ತಿಂಗಳಿಗೆ 12,000 ಎಂದಾಯಿತು. ಮುಂದಿನ ಬೆಳವಣಿಗೆಗೆ ಶೇ. 40 ಸೇರಿಸಿದರೆ 16,800. ಅವಲಂಬಿತರು ಮೂವರು, ಹಾಗಾಗಿ ಆಕೆಯ ಸ್ವಂತ ಖರ್ಚಿಗೆ ಮೂರನೇ ಒಂದು ಭಾಗ ಕಳೆದರೆ 11,200. ಅದನ್ನು ವರ್ಷಕ್ಕೆ ಮಾಡಿ, ಆ ವಯಸ್ಸಿಗೆ ನಿಗದಿಯಾದ 15ರಿಂದ ಗುಣಿಸಿದರೆ 20,16,000. ಶವಸಂಸ್ಕಾರ ಇತ್ಯಾದಿ ಬೇರೆ. ಮೊದಲು ಪಡೆದ 5 ಲಕ್ಷ ಇದರಲ್ಲಿ ವಜಾ ಆಗುತ್ತದೆ.

ಆಕೆ ನೋಡಿಕೊಂಡು ನಡೆಯಬೇಕಿತ್ತು ಎನ್ನುವ ವಾದ ನಿಲ್ಲಲಿಲ್ಲ. ಮುಂಜಾವಿನ ಹುಲ್ಲಿನಲ್ಲಿ ಹರಿದ ತಂತಿ ಕಾಣುವಂಥದ್ದಲ್ಲ. ಆದರೆ ತಾನೇ ಕೊಕ್ಕೆ ಹಾಕಿ ಕರೆಂಟ್ ಎಳೆಯುತ್ತಿದ್ದವನಿಗೆ ಈ ರಕ್ಷಣೆ ಸಿಗುವುದು ಕಷ್ಟ. ಮೀಟರಿನಿಂದಾಚೆ ರೈತನೇ ಎಳೆದ ಸರ್ವಿಸ್ ವೈರಿನ ವಿಷಯವೂ ಬೇರೆ, ಅದು ಕಂಪನಿಯ ತಂತಿಯಲ್ಲ.

ಎಲ್ಲಿಗೆ ಹೋಗಬೇಕು? ನೇರವಾಗಿ ಹೈಕೋರ್ಟಿಗೆ ರಿಟ್ ಹಾಕುವ ಆಸೆ ಹಲವರಿಗೆ. ಘಟನೆಯ ಬಗ್ಗೆಯೇ ತಕರಾರಿದ್ದರೆ ರಿಟ್ ಸೂಕ್ತ ಮಾರ್ಗವಲ್ಲ ಎಂದು ಒರಿಸ್ಸಾದ ಪ್ರಕರಣದಲ್ಲಿ 1999ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸಿವಿಲ್ ಕೋರ್ಟಿಗೆ ಹೋಗುವ ಮೊದಲು ಖಾಯಂ ಲೋಕ ಅದಾಲತ್ ನೋಡಿ: ವಿದ್ಯುತ್ ಸರಬರಾಜು ಅದರ ವ್ಯಾಪ್ತಿಯಲ್ಲಿದೆ, ಕೋರ್ಟ್ ಶುಲ್ಕವಿಲ್ಲ, ರಾಜಿ ಆಗದಿದ್ದರೆ ಅದೇ ತೀರ್ಮಾನ ಕೊಡಬಹುದು. ಸಿವಿಲ್ ದಾವೆಯೇ ಆದರೆ ಸಾವಿನ ದಿನದಿಂದ ಎರಡು ವರ್ಷ, ಹಸುವಿಗೆ ಮೂರು. ಈ ಎರಡು ವರ್ಷ ಪೊಲೀಸ್ ಕೇಸು ಮುಗಿಯಲಿ ಎಂದು ಕಾಯುತ್ತಾ ಕಳೆದುಕೊಂಡ ಕುಟುಂಬಗಳು ನನ್ನ ಕಚೇರಿಗೆ ಪ್ರತಿವರ್ಷ ಬರುತ್ತವೆ. ಪೊಲೀಸ್ ಕೇಸಿಗೂ ದಾವೆಗೂ ಸಂಬಂಧವಿಲ್ಲ, ಎರಡೂ ಜೊತೆಯಲ್ಲೇ ನಡೆಯುತ್ತವೆ.